ಎರಡಕ್ಷರದ ವ್ಯತ್ಯಾಸ, ಮೂವತ್ತೆರಡು ಸಾವಿರದ ಜಗಳ

ಬೆಂಗಳೂರಿನ ಒಂದು ಮಿಕ್ಸರ್ ಕಂಪನಿ ದಸರಾಕ್ಕೆ ಮುಂಚೆ ತನ್ನ ಡೀಲರ್‌ಗಳಿಗೆಲ್ಲ ಒಂದು ಮೇಲ್ ಕಳಿಸುತ್ತದೆ ಎಂದುಕೊಳ್ಳಿ. ಅದರಲ್ಲಿ ಹೀಗೊಂದು ಸಾಲು: ‘ದಕ್ಷಿಣ ವಲಯದ ಡೀಲರ್‌ಗಳಿಗೆ (i.e. ಕರ್ನಾಟಕ, ತಮಿಳುನಾಡು) ಈ ತಿಂಗಳ ಆರ್ಡರ್ ಮೇಲೆ ಶೇಕಡಾ 8 ರಿಯಾಯಿತಿ.’ ತ್ರಿಶ್ಶೂರಿನ ಡೀಲರ್ ಒಬ್ಬರು ನಾಲ್ಕು ಲಕ್ಷ ರೂಪಾಯಿಯ ಆರ್ಡರ್ ಹಾಕಿ, ಬಿಲ್‌ನಲ್ಲಿ 32,000 ಕಡಿಮೆ ಮಾಡಿಕೊಡಿ ಎನ್ನುತ್ತಾರೆ. ಕೇರಳ ದಕ್ಷಿಣದಲ್ಲೇ ಇದೆಯಲ್ಲ ಎಂಬುದು ಅವರ ವಾದ. ಅಕೌಂಟ್ಸ್‌ನವರು ಮೇಲ್ ತೆಗೆದು ನೋಡಿ, ಇದರಲ್ಲಿ ಎರಡೇ ರಾಜ್ಯದ ಹೆಸರಿದೆ, ಕೊಡಲಾಗದು ಎನ್ನುತ್ತಾರೆ. ಮೇಲ್ ಬರೆದ ಸೇಲ್ಸ್ ಮ್ಯಾನೇಜರ್‌ಗೆ ಐದೂ ರಾಜ್ಯಗಳು ಮನಸ್ಸಿನಲ್ಲಿದ್ದವು. ಕೈಗೆ ಬಂದ ಎರಡು ಹೆಸರನ್ನು ಟೈಪ್ ಮಾಡಿ ಮುಂದೆ ಹೋಗಿದ್ದರು.

ಬರೆದದ್ದನ್ನು ಬರೆದ ಹಾಗೆ ಓದಿದರೆ ಅಕೌಂಟ್ಸ್‌ನವರದ್ದೇ ಸರಿ. i.e. ಎಂದರೆ ‘ಅಂದರೆ’, ‘ಅರ್ಥಾತ್’. ಅದರ ಎಡಕ್ಕಿರುವುದೂ ಬಲಕ್ಕಿರುವುದೂ ಒಂದೇ ಎಂದು ಅದು ಹೇಳುತ್ತದೆ. ದಕ್ಷಿಣ ವಲಯ ಅಂದರೆ ಕರ್ನಾಟಕ ಮತ್ತು ತಮಿಳುನಾಡು, ಅಷ್ಟೇ. ಪಟ್ಟಿಯ ಬಾಗಿಲು ಅಲ್ಲಿಗೆ ಮುಚ್ಚಿತು. ಮ್ಯಾನೇಜರ್‌ಗೆ ಬೇಕಿದ್ದದ್ದು e.g., ಅಂದರೆ ‘ಉದಾಹರಣೆಗೆ’. ಅದನ್ನು ಹಾಕಿದ್ದರೆ ಈ ಎರಡು ಹೆಸರು ಬರೀ ನಮೂನೆ, ಇಂಥವು ಇನ್ನೂ ಇವೆ ಎಂದಾಗುತ್ತಿತ್ತು. ಎರಡೂ ಲ್ಯಾಟಿನ್‌ನಿಂದ ಬಂದ ಸಂಕ್ಷೇಪಗಳು. ಮೂಲ ಪದಗಳನ್ನು ನೆನಪಿಟ್ಟುಕೊಂಡು ಮೇಲ್ ಬರೆಯುವವರಿಗೆ ಆಗಬೇಕಾದ್ದೇನೂ ಇಲ್ಲ.

ಈ ತಪ್ಪನ್ನು ಹಿಡಿಯುವುದೇ ಕಷ್ಟ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೂ ವಾಕ್ಯ ಕೆಡುವುದಿಲ್ಲ, ಸ್ಪೆಲ್ಲಿಂಗ್ ತಪ್ಪಲ್ಲ, ಕಂಪ್ಯೂಟರ್ ಕೆಂಪು ಗೆರೆ ಎಳೆಯುವುದಿಲ್ಲ. ಅರ್ಥ ಮಾತ್ರ ಸದ್ದಿಲ್ಲದೆ ಬದಲಾಗುತ್ತದೆ. ನಾವು ಕನ್ನಡದವರು ಎಡವುವುದಕ್ಕೆ ಇನ್ನೊಂದು ಕಾರಣವೂ ಇದೆ ಎಂದು ನನಗನ್ನಿಸುತ್ತದೆ. ‘ಬರುವಾಗ ಹಣ್ಣು ತಗೊಂಡು ಬಾ, ಅಂದ್ರೆ ಬಾಳೆಹಣ್ಣೋ ಮೂಸಂಬಿಯೋ’ ಎಂದು ಮನೆಯಲ್ಲಿ ಹೇಳುತ್ತೇವೆ. ಅಲ್ಲಿ ‘ಅಂದ್ರೆ’ ಉದಾಹರಣೆ ಕೊಡುವ ಕೆಲಸವನ್ನೇ ಮಾಡುತ್ತಿದೆ. ಸೀಬೆಹಣ್ಣು ತಂದರೆ ಯಾರೂ ಬೈಯುವುದಿಲ್ಲ. ಆ ಸಡಿಲವನ್ನು ಕೊಡುವುದು ಕೊನೆಯ ಓಕಾರ. ಇಂಗ್ಲಿಷ್ ಮೇಲ್‌ಗೆ ಬಂದಾಗ ‘ಅಂದ್ರೆ’ ಮಾತ್ರ i.e. ಆಗಿ ದಾಟುತ್ತದೆ, ಓಕಾರ ಈಚೆಯೇ ಉಳಿಯುತ್ತದೆ.

ಪರೀಕ್ಷೆ ಸುಲಭ. ಬರೆದ ಪಟ್ಟಿಯ ಕೊನೆಗೆ ಮನಸ್ಸಿನಲ್ಲೇ ‘ಇಷ್ಟೇ’ ಎಂದು ಸೇರಿಸಿ ಓದಿ. ಸರಿಹೋದರೆ i.e., ‘ಇಂಥವು’ ಎಂಬುದು ಹೊಂದಿದರೆ e.g. ಇದೇ ಲೆಕ್ಕದಲ್ಲಿ, e.g. ಹಾಕಿ ಶುರುಮಾಡಿದ ಪಟ್ಟಿಯ ಕೊನೆಗೆ etc. ಬೇಕಾಗಿಲ್ಲ. ಇನ್ನೂ ಇವೆ ಎಂದು ಮೊದಲೇ ಹೇಳಿಯಾಗಿದೆ. i.e. ಜೊತೆ etc. ಬಂದರಂತೂ ಬರೆದವರಿಗೇ ಗೊಂದಲವಿದೆ ಎಂದು ತಿಳಿಯಬಹುದು: ಮುಚ್ಚಿದ ಪಟ್ಟಿಗೆ ‘ಇತ್ಯಾದಿ’ ಎಲ್ಲಿಂದ ಬರಬೇಕು?

ಹಾಗಾದರೆ ಆ ಮೇಲ್‌ನಲ್ಲಿ e.g. ಹಾಕಿದ್ದರೆ ಎಲ್ಲ ಸರಿಯಾಗುತ್ತಿತ್ತೇ? ಪೂರ್ತಿ ಇಲ್ಲ. ಕೇರಳದವರಿಗೆ ರಿಯಾಯಿತಿ ಸಿಗುತ್ತಿತ್ತು. ಆದರೆ ಪುದುಚೇರಿಯ ಡೀಲರ್ ಏನು ತಿಳಿಯಬೇಕು? ಅದು ರಾಜ್ಯವಲ್ಲ, ಕೇಂದ್ರಾಡಳಿತ ಪ್ರದೇಶ. ಕಂಪನಿಯ ಲೆಕ್ಕದಲ್ಲಿ ಗೋವಾ ಯಾವ ವಲಯಕ್ಕೆ ಸೇರುತ್ತದೆ? ಉದಾಹರಣೆ ಕೊಟ್ಟರೆ ನಡುವಿನವರಿಗೆ ದಾರಿ ತಿಳಿಯುತ್ತದೆ, ಅಂಚಿನಲ್ಲಿರುವವರಿಗೆ ತಿಳಿಯುವುದಿಲ್ಲ. ಕಾನೂನು ಬರೆಯುವವರಿಗೆ ಇದು ಹಳೆಯ ಪಾಠ. ನಮ್ಮ ಕಾಯಿದೆಗಳ ವ್ಯಾಖ್ಯೆಗಳಲ್ಲಿ ಒಂದು ಪದಕ್ಕೆ ಇಂಥ ಅರ್ಥ ‘ಮೀನ್ಸ್’ ಎಂದಿದ್ದರೆ ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯಿತು; ‘ಇನ್‌ಕ್ಲೂಡ್ಸ್’ ಎಂದಿದ್ದರೆ ಪಟ್ಟಿ ಹಿಗ್ಗುತ್ತದೆ, ಎಷ್ಟು ಹಿಗ್ಗುತ್ತದೆ ಎಂಬುದಕ್ಕೆ ವಕೀಲರು ಬೇಕಾಗುತ್ತಾರೆ. ಮಿಕ್ಸರ್ ಕಂಪನಿಯ ಮೇಲ್‌ನಲ್ಲಿ ಇರಬೇಕಿದ್ದದ್ದು ಎರಡೂ ಸಂಕ್ಷೇಪಗಳಿಲ್ಲದ ಸಾಲು: ‘ಕರ್ನಾಟಕ, ತಮಿಳುನಾಡು, ಕೇರಳ, ಆಂಧ್ರಪ್ರದೇಶ, ತೆಲಂಗಾಣ ಮತ್ತು ಪುದುಚೇರಿಯ ಡೀಲರ್‌ಗಳಿಗೆ ಮಾತ್ರ.’ ಆರು ಹೆಸರು ಟೈಪ್ ಮಾಡಲು ಅರ್ಧ ನಿಮಿಷ ಸಾಕು.

ಹಣ, ಗಡುವು, ಕರಾರಿನ ಷರತ್ತು ಇವು ಮೂರರಲ್ಲಿ ಯಾವುದಿದ್ದರೂ ನಾನು ಸಂಕ್ಷೇಪ ಬಳಸಬೇಡಿ ಎನ್ನುತ್ತೇನೆ. ‘ವಾರದ ಕೊನೆಯೊಳಗೆ, i.e. ಶುಕ್ರವಾರ ಸಂಜೆ 5ಕ್ಕೆ’ ಎಂಬ ಸಾಲಿನಲ್ಲಿ i.e. ತಪ್ಪಲ್ಲ. ಆದರೆ ‘ಶುಕ್ರವಾರ ಸಂಜೆ 5 ಗಂಟೆಯೊಳಗೆ’ ಎಂದೇ ಬರೆದರೆ ವಾರದ ಕೊನೆಯ ಪ್ರಸ್ತಾಪವೇ ಬೇಕಿರಲಿಲ್ಲ. ಎಷ್ಟೋ ಸಲ i.e. ಬಂದಿರುವುದು ಮೊದಲು ಅಸ್ಪಷ್ಟವಾಗಿ ಬರೆದು ಆಮೇಲೆ ತೇಪೆ ಹಾಕಿದ ಗುರುತು. ತೇಪೆಯನ್ನೇ ಮೊದಲ ಬಟ್ಟೆ ಮಾಡಿಬಿಡಿ.

ಸಂಕ್ಷೇಪ ಸಲ್ಲುವ ಜಾಗಗಳೂ ಇವೆ. ಒಂದೇ ಟೀಮಿನವರ ನಡುವಿನ ಮೇಲ್, ಎಕ್ಸೆಲ್ ಶೀಟಿನ ಕಾಲಂ, ಫಾರ್ಮ್‌ನಲ್ಲಿ ಖಾನೆಯ ಪಕ್ಕದ ಸಣ್ಣ ಸೂಚನೆ, ಹೀಗೆ ಜಾಗ ಕಡಿಮೆ ಇದ್ದು ಓದುವವರು ಗೊತ್ತಿರುವವರೇ ಆದ ಕಡೆ ಬಳಸಿ. ಅಲ್ಲಿಯೂ ಆವರಣದೊಳಗೆ ಇದ್ದರೆ ಚೆಂದ. ‘ಗುರುತಿನ ಚೀಟಿ (e.g. ವೋಟರ್ ಐಡಿ, ಪಾಸ್‌ಪೋರ್ಟ್) ಲಗತ್ತಿಸಿ’ ಎಂದರೆ ಡ್ರೈವಿಂಗ್ ಲೈಸೆನ್ಸ್ ಇರುವವರೂ ನಿಶ್ಚಿಂತರು. ಆವರಣವಿಲ್ಲದ ವಾಕ್ಯದ ನಡುವೆ, ಮುಖ್ಯವಾಗಿ ಹೊಸ ಗ್ರಾಹಕರಿಗೆ ಬರೆಯುವಾಗ, ‘ಫಾರ್ ಎಗ್ಸಾಂಪಲ್’, ‘ದಟ್ ಈಸ್’ ಎಂದು ಪೂರ್ತಿ ಬರೆಯುವುದೇ ವಾಸಿ. ವಾಕ್ಯವನ್ನು ಸಂಕ್ಷೇಪದಿಂದ ಶುರುಮಾಡುವುದಂತೂ ಬೇಡ.

ಪೂರ್ತಿ ಬರೆಯಲು ಇನ್ನೊಂದು ಕಾರಣ ನಮ್ಮ ಆಫೀಸುಗಳಲ್ಲಿ ಯಾರ ಗಮನಕ್ಕೂ ಬಂದಂತಿಲ್ಲ. ಬ್ರಿಟನ್ ಸರ್ಕಾರದ ವೆಬ್‌ಸೈಟ್ ಇಂಥ ಸಂಕ್ಷೇಪಗಳನ್ನು ಬಿಡುವ ತೀರ್ಮಾನವನ್ನು 2016ರಲ್ಲಿ ಮಾಡಿತು. ಇಂಗ್ಲಿಷ್ ಮನೆಮಾತಲ್ಲದವರಿಗೆ ಇವು ತೊಡಕಾಗುತ್ತವೆ ಎಂಬುದು ಒಂದು ಕಾರಣ. ಕಣ್ಣು ಕಾಣದವರಿಗಾಗಿ ಪರದೆಯ ಅಕ್ಷರವನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಚುಕ್ಕೆಯಿಲ್ಲದ eg ಅನ್ನು ಕೆಲವೊಮ್ಮೆ ‘ಎಗ್’ ಎಂದು ಓದಿಬಿಡುತ್ತದೆ ಎಂಬುದು ಇನ್ನೊಂದು. ಗುರುತಿನ ಚೀಟಿಯ ಪಕ್ಕದಲ್ಲಿ ಮೊಟ್ಟೆ! ನಿಮ್ಮ ಮೇಲ್ ಓದುವವರಲ್ಲೂ ಅಂಥ ತಂತ್ರಾಂಶ ಬಳಸುವವರು ಇರಬಹುದು.

ಚುಕ್ಕೆ, ಅಲ್ಪವಿರಾಮದ ವಿಷಯ ಹೆಚ್ಚು ಹೇಳುವಂಥದ್ದಲ್ಲ. ಅಮೆರಿಕದವರು ಸಾಮಾನ್ಯವಾಗಿ ಎರಡು ಚುಕ್ಕೆಯ ಮುಂದೆ ಅಲ್ಪವಿರಾಮವನ್ನೂ ಹಾಕುತ್ತಾರೆ, ಬ್ರಿಟನ್ನಿನವರು ಬಹುತೇಕ ಹಾಕುವುದಿಲ್ಲ. ನಿಮ್ಮ ಕಂಪನಿಯಲ್ಲಿ ಯಾವುದು ರೂಢಿಯೋ ಅದನ್ನೇ ಪತ್ರದುದ್ದಕ್ಕೂ ಇಟ್ಟುಕೊಂಡರೆ ಆಯಿತು.

ಕೊನೆಗೆ ತ್ರಿಶ್ಶೂರಿನ ಆ ಡೀಲರ್ ಜಾಗದಲ್ಲಿ ಇರುವವರಿಗೊಂದು ಮಾತು. ಇಂಥ ಮೇಲ್ ಬಂದಾಗ ನಿಮಗೆ ಅನುಕೂಲವಾಗುವ ಅರ್ಥವನ್ನು ಊಹಿಸಿಕೊಂಡು ಆರ್ಡರ್ ಹಾಕಬೇಡಿ. ‘ಈ ಎರಡೇ ರಾಜ್ಯಗಳಿಗೋ, ಕೇರಳಕ್ಕೂ ಉಂಟೋ ದಯವಿಟ್ಟು ತಿಳಿಸಿ’ ಎಂದು ಒಂದು ಸಾಲು ಕೇಳಿ. ಉತ್ತರವನ್ನು ಫೋನಿನಲ್ಲಿ ಅಲ್ಲ, ಅದೇ ಮೇಲ್‌ಗೆ ಮರುತ್ತರವಾಗಿ ತರಿಸಿಕೊಳ್ಳಿ.