ಗುಳ್ಳೆ ಸುಳ್ಳಾದರೆ ಕಡಲೂ ಸುಳ್ಳು

‘ಅವತಾರ್: ದಿ ವೇ ಆಫ್ ವಾಟರ್’ (2022) ಚಿತ್ರದ ನೀರೊಳಗಿನ ಅಭಿನಯದಲ್ಲಿ ನಟರ ಬೆನ್ನಿಗೆ ಗಾಳಿಯ ಸಿಲಿಂಡರ್ ಇರಲಿಲ್ಲ. ಕೇಟ್ ವಿನ್ಸ್ಲೆಟ್ ಕೂಡ ಉಸಿರು ಬಿಗಿಹಿಡಿದೇ ತೊಟ್ಟಿಗೆ ಇಳಿದರು. ಕಾರಣ ಗುಳ್ಳೆಗಳು. ನಟರ ಮೈಮೇಲಿನ ಗುರುತುಗಳನ್ನು ಓದಿ ಕ್ಯಾಮೆರಾಗಳು ಚಲನೆಯನ್ನು ದಾಖಲಿಸುತ್ತವೆ; ಸಿಲಿಂಡರಿನ ಗುಳ್ಳೆಗಳು ಬೆಳಕು ಚಿಮ್ಮಿಸಿ ಅವನ್ನು ದಾರಿ ತಪ್ಪಿಸುತ್ತವೆ. ಮೇಲಿನ ದೀಪಗಳ ಹೊಳಪು ತೊಟ್ಟಿಗಿಳಿಯದಿರಲೆಂದು ನೀರಿನ ಮೇಲೆಲ್ಲ ಬಿಳಿ ಚೆಂಡುಗಳನ್ನು ತೇಲಿಬಿಟ್ಟಿದ್ದರು. ಹೀಗೆ ಹೊರಗಟ್ಟಿದ ಗುಳ್ಳೆ, ಬೆಳಕುಗಳನ್ನೇ ಆಮೇಲೆ ಕಂಪ್ಯೂಟರಿನಲ್ಲಿ ಸೃಷ್ಟಿಸಿ ತುಂಬಬೇಕಾಯಿತು.

ಗ್ರಾಫಿಕ್ಸ್ ಹೆಚ್ಚಾಗಿ ಎಡವುವುದು ಇಲ್ಲೇ. ಒಂದು ಮಿಲಿಮೀಟರಿಗಿಂತ ಚಿಕ್ಕ ಗುಳ್ಳೆ ದುಂಡಗಿರುತ್ತದೆ, ಹೆಚ್ಚುಕಡಿಮೆ ನೆಟ್ಟಗೆ ಏರುತ್ತದೆ. ಕೆಲವು ಮಿಲಿಮೀಟರ್ ದಾಟಿದ್ದು ಚಪ್ಪಟೆಯಾಗಿ ಓಲಾಡುತ್ತ ಹೋಗುತ್ತದೆ. ಇನ್ನೂ ದೊಡ್ಡದು ತಲೆ ಉಬ್ಬಿ, ತಳ ಚಪ್ಪಟೆಯಾಗಿ, ಏರುತ್ತಲೇ ಒಡೆದು ಹಲವಾಗುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಹಾಗಾಗಿ ಅಲ್ಲಿಂದ ಹೊರಟ ಗುಳ್ಳೆಯ ಗಾತ್ರ ಮೇಲೆ ಬರುವಷ್ಟರಲ್ಲಿ ಇಮ್ಮಡಿಯಾಗುತ್ತದೆ. ಆದರೆ ಅಗಲ ಹೆಚ್ಚುವುದು ಕಾಲುಭಾಗದಷ್ಟೇ. ಬಲೂನಿನಂತೆ ಉಬ್ಬುವ ಗುಳ್ಳೆ ಕಂಡರೆ ಅದು ಕೃತಕ ಎನ್ನಬಹುದು.

ಬೆಳಕಿನ ಲೆಕ್ಕ ಇನ್ನೂ ಸೂಕ್ಷ್ಮ. ಸಂಜೆ, ಹದಿನೈದು ಮೀಟರ್ ಆಳ, ಕೆಂಪು ಅಂಗಿಯ ಮುಳುಗುಗಾರ ಎಂದುಕೊಳ್ಳಿ. ನೀರು ಮೊದಲು ನುಂಗುವುದು ಕೆಂಪನ್ನೇ, ಆದ್ದರಿಂದ ಅಂಗಿ ಕಪ್ಪಾಗಿ ಕಾಣುತ್ತದೆ. ಒಂದು ಮೀಟರ್ ದೂರದಿಂದ ಟಾರ್ಚ್ ಬಿಟ್ಟರೆ ಕೆಂಪು ಮರಳುತ್ತದೆ. ಅದೇ ಟಾರ್ಚನ್ನು ಐದು ಮೀಟರ್ ಆಚೆಯ ಕೆಂಪು ಹವಳದತ್ತ ತಿರುಗಿಸಿದರೆ ಬೆಳಕು ಹೋಗಿ ಬರಲು ಹತ್ತು ಮೀಟರ್ ನೀರು ದಾಟಬೇಕು. ಅಷ್ಟರಲ್ಲಿ ಕೆಂಪು ಬಹುಪಾಲು ಮಾಯ. ದೂರದ ಹವಳವೂ ಕೆಂಪಾಗಿ ಹೊಳೆದರೆ, ದೃಶ್ಯ ಎಷ್ಟೇ ಚೆಂದವಿರಲಿ, ಅದು ಸುಳ್ಳು.

ಇನ್ನು ತೇಲುವ ಕಣಗಳು. ಟಾರ್ಚಿನ ಕೋಲು ಕಣ್ಣಿಗೆ ಕಾಣುವುದೇ ಅವುಗಳಿಂದ. ಶುದ್ಧ ನೀರಿನಲ್ಲಿ ದಟ್ಟ ಬೆಳಕಿನ ಕಂಬ ತೋರಿಸುವವರು ಇದನ್ನು ಮರೆಯುತ್ತಾರೆ. ದೀಪ ಲೆನ್ಸಿಗೆ ಅಂಟಿಕೊಂಡಿದ್ದರೆ ಕಣಗಳಿಂದ ಚದುರಿದ ಬೆಳಕು ನೇರ ಹಿಂದಿರುಗಿ ಚಿತ್ರದ ತುಂಬ ಬಿಳಿ ಚುಕ್ಕೆ ಬೀಳುತ್ತವೆ. ಅದಕ್ಕೇ ಛಾಯಾಗ್ರಾಹಕರು ದೀಪವನ್ನು ಉದ್ದ ತೋಳಿಗೆ ಕಟ್ಟಿ ಪಕ್ಕಕ್ಕೆ ಸರಿಸುತ್ತಾರೆ. ಅಲೆಯ ಸೆಳೆತ ಬಂದಾಗ ಕಣಗಳು ಒಟ್ಟಾಗಿ ಅತ್ತ ಸರಿದು ಇತ್ತ ಮರಳುತ್ತವೆ. ಲೆನ್ಸಿನ ಹತ್ತಿರದವು ದೊಡ್ಡದಾಗಿ, ಮಸುಕಾಗಿ ಕಾಣುತ್ತವೆ; ದೂರದವು ಸೂಜಿಮೊನೆಯಷ್ಟು; ಬೆಳಕಿನಾಚೆಯವು ಕಾಣುವುದೇ ಇಲ್ಲ. ಎಲ್ಲವೂ ಒಂದೇ ಗಾತ್ರದಲ್ಲಿ, ಒಂದೇ ವೇಗದಲ್ಲಿ ಕೆಳಗಿಳಿಯುತ್ತಿದ್ದರೆ, ಅಂಥ ದೃಶ್ಯ ಮಾಡಿದವರು ನೀರನ್ನು ನೋಡದೆ ಕೆಲಸ ಮುಗಿಸಿದ್ದಾರೆ ಎಂದೇ ನನ್ನ ತೀರ್ಮಾನ.