ಶುಕ್ರ ಅಸ್ತನೋ, ನೀಚನೋ? ಅಂಶ ನೋಡಿದರೆ ತಿಳಿದೀತು

ಬೆಂಗಳೂರು: ಜಾತಕ ಹೊಂದಾಣಿಕೆಗೆ ಹೋದವರು ‘ಶುಕ್ರನಿಗೆ ಬಲವಿಲ್ಲ’ ಎಂಬ ಮಾತು ಕೇಳಿ ಗಾಬರಿಯಾಗುವುದುಂಟು. ಆ ಒಂದೇ ಮಾತಿಗೆ ಕೂಡಿಬಂದ ಸಂಬಂಧ ಮುರಿದುಬೀಳುವುದೂ ಉಂಟು. ಶುಕ್ರನ ಬಲಹೀನತೆಯಲ್ಲಿ ಎರಡು ಬಗೆ ಮುಖ್ಯ. ಅವುಗಳ ಲೆಕ್ಕವೂ ಬೇರೆ, ಫಲವೂ ಬೇರೆ.

ಕನ್ಯಾ ರಾಶಿಯಲ್ಲಿರುವ ಶುಕ್ರ ನೀಚ. ಅಲ್ಲಿನ 27ನೇ ಅಂಶ ಪರಮನೀಚ ಸ್ಥಾನ. ಕನ್ಯೆಯ ಅಧಿಪತಿ ಬುಧ, ಅಂದರೆ ಲೆಕ್ಕಾಚಾರ ಮತ್ತು ವಿಮರ್ಶೆಯ ಗ್ರಹ. ಆದ್ದರಿಂದ ಇಂಥವರು ಪ್ರೇಮದಲ್ಲಿ ಸಂಗಾತಿಯ ಕುಂದುಗಳನ್ನೇ ಎಣಿಸುತ್ತಾರೆ, ಅನುಮಾನದಲ್ಲಿ ನಿರ್ಧಾರ ಮುಂದೂಡುತ್ತಾರೆ ಎಂಬುದು ಜ್ಯೋತಿಷಿಗಳ ವಿವರಣೆ.

ಅಸ್ತ ಎಂಬುದು ರಾಶಿಯ ವಿಷಯವಲ್ಲ, ಸೂರ್ಯನಿಂದ ಇರುವ ದೂರದ ವಿಷಯ. ನೇರಗತಿಯಲ್ಲಿರುವ ಶುಕ್ರ ಸೂರ್ಯನಿಗೆ 10 ಅಂಶದೊಳಗೆ, ವಕ್ರಗತಿಯಲ್ಲಿದ್ದರೆ 8 ಅಂಶದೊಳಗೆ ಬಂದಾಗ ಅಸ್ತನೆನಿಸುತ್ತಾನೆ. ಆಗ ಸೂರ್ಯನ ಪ್ರಭೆಯಲ್ಲಿ ಶುಕ್ರ ಬರಿಗಣ್ಣಿಗೆ ಕಾಣಿಸುವುದಿಲ್ಲ. ಸೂರ್ಯ ಅಹಂ ಹಾಗೂ ತಂದೆಯ ಕಾರಕ. ಹೀಗಾಗಿ ಪ್ರೀತಿ ಇದ್ದರೂ ಬಾಯಿಬಿಟ್ಟು ಹೇಳಲಾಗದು, ಪ್ರತಿಷ್ಠೆ ಅಥವಾ ಹಿರಿಯರ ಇಚ್ಛೆ ಅದನ್ನು ಮರೆಮಾಡುತ್ತದೆ ಎಂದು ಅರ್ಥೈಸಲಾಗುತ್ತದೆ.

ಎಡವಟ್ಟಾಗುವುದು ಕೇವಲ ರಾಶಿ ಕುಂಡಲಿಯ ಮನೆಗಳನ್ನು ನೋಡಿ ತೀರ್ಮಾನಿಸಿದಾಗ. ಉದಾಹರಣೆಗೆ, ಒಬ್ಬರ ಜಾತಕದಲ್ಲಿ ಸೂರ್ಯ ಕನ್ಯೆಯ 6ನೇ ಅಂಶದಲ್ಲಿ, ಶುಕ್ರ ಕನ್ಯೆಯ 24ನೇ ಅಂಶದಲ್ಲಿ ಇದ್ದಾರೆ ಎನ್ನೋಣ. ಒಂದೇ ಮನೆಯಲ್ಲಿದ್ದರೂ ಅಂತರ 18 ಅಂಶ. ಶುಕ್ರ ನೀಚನೇ ಹೊರತು ಅಸ್ತನಲ್ಲ. ಇನ್ನೊಬ್ಬರಲ್ಲಿ ಸೂರ್ಯ ಕನ್ಯೆಯ 28ನೇ ಅಂಶದಲ್ಲಿ, ಶುಕ್ರ ತುಲೆಯ 3ನೇ ಅಂಶದಲ್ಲಿ. ಮನೆಗಳು ಬೇರೆಯಾದರೂ ಅಂತರ ಕೇವಲ 5 ಅಂಶ. ಶುಕ್ರ ಸ್ವಕ್ಷೇತ್ರದಲ್ಲಿದ್ದೂ ಅಸ್ತ. ಇವರಲ್ಲಿ ಆಕರ್ಷಣೆಗೆ ಕೊರತೆಯಿಲ್ಲ, ಅಭಿವ್ಯಕ್ತಿಗೆ ಅಡ್ಡಿ ಎಂದು ಜ್ಯೋತಿಷಿ ಓದುತ್ತಾರೆ.

ಮೊದಲ ಜಾತಕಕ್ಕೆ ಮರಳೋಣ. ಲಗ್ನ ಧನುಸ್ಸು, ಬುಧನೂ ಕನ್ಯೆಯಲ್ಲೇ ಇದ್ದಾನೆ ಎನ್ನೋಣ. ಕನ್ಯೆ ಬುಧನ ಉಚ್ಚ ರಾಶಿ, ಲಗ್ನದಿಂದ 10ನೇ ಮನೆ, ಅಂದರೆ ಕೇಂದ್ರ. ನೀಚ ರಾಶಿಯ ಅಧಿಪತಿ ಕೇಂದ್ರದಲ್ಲಿದ್ದರೆ ನೀಚಭಂಗ. ಜೊತೆಗೆ 7ನೆಯದಾದ ಕಳತ್ರ ಸ್ಥಾನ ಮಿಥುನಕ್ಕೂ ಬುಧನೇ ಒಡೆಯ. ಹೀಗಾಗಿ ಉದ್ಯೋಗದ ನಂಟಿನಿಂದ ಸಂಗಾತಿ ದೊರೆತು, ತಡವಾದರೂ ಸಂಬಂಧ ನಿಲ್ಲುತ್ತದೆ ಎಂಬುದು ಫಲ. ‘ನೀಚ’ ಎಂಬ ಪದಕ್ಕೇ ನಿಂತವರು ಇದೇ ಜಾತಕವನ್ನು ತಿರಸ್ಕರಿಸುತ್ತಿದ್ದರು. ನವಾಂಶ ಕುಂಡಲಿಯನ್ನೂ ನೋಡದೆ ಅನುಭವಿಗಳು ಕೊನೆಯ ಮಾತು ಹೇಳುವುದಿಲ್ಲ.

ಶುಕ್ರಾಸ್ತದ ಅವಧಿಯಲ್ಲಿ ಪಂಚಾಂಗ ವಿವಾಹ ಮುಹೂರ್ತ ಕೊಡುವುದಿಲ್ಲ. ಅದು ಮುಹೂರ್ತದ ನಿಯಮ; ಆ ಅವಧಿಯಲ್ಲಿ ಹುಟ್ಟಿದವರಿಗೆ ಮದುವೆಯೇ ಇಲ್ಲ ಎಂದು ಅರ್ಥವಲ್ಲ.

ಇವೆಲ್ಲ ಸಂಪ್ರದಾಯದ ಓದುಗಳು. ಗ್ರಹದ ಅಂಶಕ್ಕೂ ಪ್ರೇಮಕ್ಕೂ ಇರುವ ನಂಟಿಗೆ ವೈಜ್ಞಾನಿಕ ಆಧಾರವಿಲ್ಲ. ಆದರೂ ಜಾತಕ ಕೇಳುವವರು ‘ದೋಷವಿದೆ’ ಎಂದಾಗ ಸೂರ್ಯ–ಶುಕ್ರರ ಅಂಶ ಎಷ್ಟು, ನೀಚಭಂಗ ಇದೆಯೇ ಎಂಬ ಎರಡು ಪ್ರಶ್ನೆ ಕೇಳುವುದು ಲೇಸು.