ಒಂದು ಮಾತಿಗೆ ಐದು ಸಾಕ್ಷಿ: ಆವರಣದೊಳಗಿನ ಕ್ರಮ

ಕನ್ನಡದ ಪಿಎಚ್‌.ಡಿ. ಪ್ರಬಂಧಗಳಲ್ಲಿ ಮತ್ತು ವಿಶ್ವವಿದ್ಯಾಲಯಗಳ ಪತ್ರಿಕೆಗಳ ಲೇಖನಗಳಲ್ಲಿ ಇಂಥ ವಾಕ್ಯ ಆಗಾಗ ಎದುರಾಗುತ್ತದೆ. ಇದು ನಾನೇ ಕಟ್ಟಿದ ಮಾದರಿ. ಒಳಗಿರುವ ಪುಸ್ತಕಗಳು ಮಾತ್ರ ನಿಜವಾದವು.

ಹಲ್ಮಿಡಿ ಶಾಸನದಿಂದ ಮೊದಲಾದ ಕನ್ನಡ ಬರಹ ಕವಿರಾಜಮಾರ್ಗದ ಹೊತ್ತಿಗೆ ಕಾವ್ಯಭಾಷೆಯಾಗಿ ನೆಲೆಗೊಂಡಿತ್ತು (ರಂ.ಶ್ರೀ. ಮುಗಳಿ, 1953, ಪೊಲಾಕ್, 2006, 1998, ರೈಸ್, 1921, ಎಂ. ಚಿದಾನಂದಮೂರ್ತಿ 1966, ಡಿ.ಆರ್. ನಾಗರಾಜ್, 2003).

ಬರೆದವರು ಓದಿಕೊಂಡವರು ಎಂಬುದರಲ್ಲಿ ಅನುಮಾನವಿಲ್ಲ. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’, ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ಇ.ಪಿ. ರೈಸ್ ಅವರ ಇಂಗ್ಲಿಷ್ ಸಾಹಿತ್ಯ ಚರಿತ್ರೆ, ಡಿ.ಆರ್. ನಾಗರಾಜರ ದೀರ್ಘ ಪ್ರಬಂಧ, ಷೆಲ್ಡನ್ ಪೊಲಾಕರ ಬರಹಗಳು ಎಲ್ಲವೂ ಇಲ್ಲಿವೆ. ಆದರೆ ಈ ಆವರಣವನ್ನು ಹಿಡಿದು ಹಿಂದಿನ ಗ್ರಂಥಸೂಚಿಗೆ ಹೋದ ಓದುಗ ದಾರಿ ತಪ್ಪುತ್ತಾನೆ. ಎಲ್ಲಿ ತಪ್ಪುತ್ತಾನೆ ಎಂಬುದನ್ನು ಒಂದೊಂದಾಗಿ ಬಿಡಿಸಿ ನೋಡೋಣ. ಸಮಾಜ ವಿಜ್ಞಾನ ಮತ್ತು ಶಿಕ್ಷಣದ ವಿಭಾಗಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಪಿಎ ಶೈಲಿಯನ್ನೇ ಇಲ್ಲಿ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ.

ಮೊದಲು ಚಿಹ್ನೆಗಳ ವಿಷಯ. ಈ ಆವರಣದಲ್ಲಿ ಅಲ್ಪವಿರಾಮ ಎರಡು ಕೆಲಸ ಮಾಡುತ್ತಿದೆ. ಲೇಖಕನ ಹೆಸರನ್ನು ಇಸವಿಯಿಂದ ಬೇರ್ಪಡಿಸುವುದೂ ಅದೇ, ಒಂದು ಆಕರವನ್ನು ಇನ್ನೊಂದರಿಂದ ಬೇರ್ಪಡಿಸುವುದೂ ಅದೇ. ‘2006, 1998, ರೈಸ್, 1921’ ಎಂಬಲ್ಲಿ 1998 ಪೊಲಾಕರದೋ ರೈಸ್ ಅವರದೋ ಎಂದು ಚಿಹ್ನೆ ಹೇಳುವುದಿಲ್ಲ, ಓದುಗನೇ ಊಹಿಸಬೇಕು. ಎಪಿಎ ಈ ಎರಡು ಕೆಲಸಗಳನ್ನು ಎರಡು ಚಿಹ್ನೆಗಳಿಗೆ ಹಂಚಿದೆ. ಒಂದೇ ಆಕರದ ಒಳಗೆ, ಅಂದರೆ ಹೆಸರು, ಇಸವಿ, ಪುಟಸಂಖ್ಯೆಗಳ ನಡುವೆ ಅಲ್ಪವಿರಾಮ. ಒಬ್ಬ ಲೇಖಕನಿಂದ ಇನ್ನೊಬ್ಬ ಲೇಖಕನಿಗೆ ದಾಟುವಾಗ ಅರ್ಧವಿರಾಮ. ಕನ್ನಡದ ವಾಕ್ಯಗಳಲ್ಲಿ ಅರ್ಧವಿರಾಮದ ಬಳಕೆ ಕಡಿಮೆಯಾಗುತ್ತ ಬಂದಿರುವುದರಿಂದ ಬರೆಯುವಾಗ ಕೈ ತಾನಾಗಿ ಅಲ್ಪವಿರಾಮದ ಕಡೆ ಹೋಗುತ್ತದೆ. ಈ ಜಾಗದಲ್ಲಂತೂ ಅದನ್ನು ಬಿಡುವಂತಿಲ್ಲ.

ಮುಂದಿನದು ಕ್ರಮ. ಎಪಿಎ ಪ್ರಕಾರ ಆವರಣದೊಳಗಿನ ಲೇಖಕರು ಗ್ರಂಥಸೂಚಿಯಲ್ಲಿ ಯಾವ ಅನುಕ್ರಮದಲ್ಲಿ ಬರುತ್ತಾರೋ ಅದೇ ಅನುಕ್ರಮದಲ್ಲಿ ಬರಬೇಕು, ಅಂದರೆ ಅಕಾರಾದಿಯಾಗಿ. ಹಾಗೆ ಮಾಡಿದರೆ ಓದುಗ ಸೂಚಿಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಒಂದೇ ಸಲ ಇಳಿದು ಎಲ್ಲವನ್ನೂ ಹುಡುಕಿಕೊಳ್ಳಬಹುದು. ಪ್ರಸಿದ್ಧರನ್ನು ಮುಂದಿಟ್ಟು ಉಳಿದವರನ್ನು ಹಿಂದಿಡುವ ಪ್ರಶ್ನೆಯೂ ಏಳುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ತೊಡಕಿದೆ, ಯಾವ ಇಂಗ್ಲಿಷ್ ಕೈಪಿಡಿಯೂ ಅದನ್ನು ಹೇಳಿಕೊಡುವುದಿಲ್ಲ. ಕನ್ನಡ ವರ್ಣಮಾಲೆಯಲ್ಲಿ ನಮ್ಮ ಐವರ ಕ್ರಮ ಚಿದಾನಂದಮೂರ್ತಿ, ನಾಗರಾಜ್, ಪೊಲಾಕ್, ಮುಗಳಿ, ರೈಸ್ ಎಂದಾಗುತ್ತದೆ. ಇದೇ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆದರೆ ಮುಗಳಿ ನಾಲ್ಕನೆಯ ಸ್ಥಾನದಿಂದ ಎರಡನೆಯದಕ್ಕೆ ಏರುತ್ತಾರೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ‘ಎಂ’ ಎಂಬುದು ‘ಎನ್’ ಮತ್ತು ‘ಪಿ’ಗಳಿಗಿಂತ ಮುಂಚೆ ಬರುವುದೇ ಇದಕ್ಕೆ ಕಾರಣ. ಮೊದಲಕ್ಷರ ಒಂದೇ ಆಗಿದ್ದರೂ ಈ ತೊಡಕು ತಪ್ಪುವುದಿಲ್ಲ. ಸೂಚಿಗೆ ಆರ್. ನರಸಿಂಹಾಚಾರ್ ಅವರನ್ನು ಸೇರಿಸಿದರೆ ಕನ್ನಡದಲ್ಲಿ ಅವರು ನಾಗರಾಜರಿಗಿಂತ ಮೊದಲು, ಇಂಗ್ಲಿಷಿನಲ್ಲಿ ನಾಗರಾಜರ ನಂತರ. ಹೀಗಾಗಿ ಇಂಗ್ಲಿಷ್ ಲೇಖನದಿಂದ ಆವರಣವನ್ನು ಹಾಗೆಯೇ ಎತ್ತಿ ಲಿಪಿಯನ್ನಷ್ಟೇ ಬದಲಿಸಿ ಕನ್ನಡ ಪ್ರಬಂಧಕ್ಕೆ ತಂದರೆ ಕ್ರಮ ಕೆಡುತ್ತದೆ. ಗಣಕಯಂತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಯೂನಿಕೋಡಿನಲ್ಲಿ ‘ಳ’ದ ಸಂಖ್ಯೆ ‘ವ’ಕ್ಕಿಂತ ಮುಂಚೆ ಬರುವುದರಿಂದ, ಆ ಸಂಖ್ಯೆಯನ್ನಷ್ಟೇ ನೋಡಿ ಜೋಡಿಸುವ ತಂತ್ರಾಂಶ ಕಾಳಪ್ಪನನ್ನು ಕಾವೇರಪ್ಪನಿಗಿಂತ ಮೊದಲು ಕೂರಿಸುತ್ತದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಯ ಅಕ್ಷರ.

ಇನ್ನು ಇನಿಷಿಯಲ್. ನಮ್ಮಲ್ಲಿ ಅದು ಹೆಸರಿನ ಮುಂದೆ ಇರುವುದರಿಂದ ಎಂ. ಚಿದಾನಂದಮೂರ್ತಿಯವರನ್ನು ‘ಎ’ ಅಕ್ಷರದಲ್ಲಿ, ಡಿ.ಆರ್. ನಾಗರಾಜರನ್ನು ‘ಡ’ ಅಕ್ಷರದಲ್ಲಿ ಇಡುವವರಿದ್ದಾರೆ. ಸೂಚಿಯಲ್ಲಿ ಲೇಖಕ ಯಾವ ಪದದಡಿ ಸಿಗುತ್ತಾನೋ ಆವರಣದಲ್ಲೂ ಅದೇ ಪದ ಇರಬೇಕು, ಕ್ರಮವೂ ಅದರದ್ದೇ ಆಗಬೇಕು. ಇನಿಷಿಯಲ್ ಬೇಕಾಗುವುದು ಒಂದೇ ಹೆಸರಿನವರು ಇಬ್ಬರಿದ್ದಾಗ. ಕರ್ನಾಟಕದ ಚರಿತ್ರೆ ಬರೆಯುವವರಿಗೆ ಈ ಸಂದರ್ಭ ಬಂದೇ ಬರುತ್ತದೆ. ಶಾಸನಗಳ ಆಧಾರದ ಮೇಲೆ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು 1909ರಲ್ಲಿ ಪ್ರಕಟಿಸಿದವರು ಬಿ.ಎಲ್. ರೈಸ್, 1921ರ ಸಾಹಿತ್ಯ ಚರಿತ್ರೆ ಇ.ಪಿ. ರೈಸ್ ಅವರದು. ಇಬ್ಬರೂ ಸೂಚಿಯಲ್ಲಿದ್ದರೆ ಬರೀ ‘ರೈಸ್’ ಎನ್ನುವಂತಿಲ್ಲ, ಇಸವಿ ಬೇರೆಯಿದ್ದರೂ ಇನಿಷಿಯಲ್ ಸೇರಿಸಲೇಬೇಕು.

ಈಗ ಪೊಲಾಕ್. ಒಬ್ಬನೇ ಲೇಖಕನ ಹಲವು ಬರಹಗಳಿದ್ದರೆ ಹೆಸರು ಒಮ್ಮೆ ಬಂದರೆ ಸಾಕು. ಇಸವಿಗಳು ಹಳೆಯದರಿಂದ ಹೊಸದಕ್ಕೆ ಅಲ್ಪವಿರಾಮದೊಂದಿಗೆ ಸಾಗಬೇಕು, ಆದ್ದರಿಂದ ‘ಪೊಲಾಕ್, 1998, 2006’. ಆದರೆ 1998ರಲ್ಲಿ ಪೊಲಾಕ್ ಈ ವಿಷಯದ ಮೇಲೆ ಎರಡು ಲೇಖನ ಪ್ರಕಟಿಸಿದ್ದಾರೆ. ಒಂದು ಜರ್ನಲ್ ಆಫ್ ಏಷ್ಯನ್ ಸ್ಟಡೀಸ್‌ನಲ್ಲಿ ಬಂದ ‘ದ ಕಾಸ್ಮೊಪಾಲಿಟನ್ ವರ್ನಾಕ್ಯುಲರ್’, ಇನ್ನೊಂದು ಡೆಡಾಲಸ್ ಪತ್ರಿಕೆಯ ‘ಇಂಡಿಯಾ ಇನ್ ದ ವರ್ನಾಕ್ಯುಲರ್ ಮಿಲೆನಿಯಮ್’. ಎರಡನ್ನೂ ಬಳಸಿದರೆ ಇಸವಿಯ ಬೆನ್ನಿಗೆ ಒಂದೊಂದು ಅಕ್ಷರ ಅಂಟಿಸಬೇಕು, 1998ಅ, 1998ಆ ಎಂದು. ಯಾವುದಕ್ಕೆ ಯಾವ ಅಕ್ಷರ ಎಂಬುದನ್ನು ತೀರ್ಮಾನಿಸುವುದು ನಾವು ಓದಿದ ಅನುಕ್ರಮವೂ ಅಲ್ಲ, ವಾಕ್ಯದಲ್ಲಿ ಮೊದಲು ಉಲ್ಲೇಖಿಸಿದ್ದೂ ಅಲ್ಲ. ಸೂಚಿಯಲ್ಲಿ ಶೀರ್ಷಿಕೆಗಳು ಅಕಾರಾದಿಯಾಗಿ ನಿಲ್ಲುವ ರೀತಿಯೇ ಅದನ್ನು ತೀರ್ಮಾನಿಸುತ್ತದೆ.

ಇಲ್ಲಿಯೂ ಲಿಪಿ ತನ್ನ ಪ್ರಭಾವ ತೋರಿಸುತ್ತದೆ. ಇಂಗ್ಲಿಷ್ ಸೂಚಿಯಲ್ಲಿ ಶೀರ್ಷಿಕೆಯ ಮೊದಲ ‘ದ’ಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ‘ಸಿ’ಯಿಂದ ಶುರುವಾಗುವ ಕಾಸ್ಮೊಪಾಲಿಟನ್ ಮೊದಲನೆಯದು, ‘ಐ’ಯಿಂದ ಶುರುವಾಗುವ ಇಂಡಿಯಾ ಎರಡನೆಯದು. ಎರಡನ್ನೂ ಕನ್ನಡ ಲಿಪಿಯಲ್ಲಿ ಬರೆದು ಕನ್ನಡ ಕ್ರಮದಲ್ಲಿ ಜೋಡಿಸಿದರೆ ‘ಇ’ ಸ್ವರ, ‘ಕ’ ವ್ಯಂಜನ. ಇಂಡಿಯಾ ಮುಂದೆ ಬರುತ್ತದೆ, ಅದೇ 1998ಅ ಆಗುತ್ತದೆ. ಬೇರೊಬ್ಬರ ಇಂಗ್ಲಿಷ್ ಲೇಖನದಲ್ಲಿದ್ದ ‘1998ಎ’ಯನ್ನು ನೋಡಿ ‘ಅ’ ಎಂದು ಬರೆದುಕೊಂಡವರ ಉಲ್ಲೇಖ ಓದುಗನನ್ನು ಇನ್ನೊಂದು ಲೇಖನಕ್ಕೆ ಕಳಿಸಿಬಿಡುತ್ತದೆ. ಈ ತಪ್ಪು ಮೇಲುನೋಟಕ್ಕೆ ಕಾಣುವುದೇ ಇಲ್ಲ, ಏಕೆಂದರೆ ಎರಡು ಲೇಖನಗಳೂ ಸೂಚಿಯಲ್ಲಿ ಇವೆ, ಎರಡರ ಇಸವಿಯೂ ಒಂದೇ. ಇಂಥ ಅಕ್ಷರವಿರುವ ಪ್ರತಿ ಉಲ್ಲೇಖವನ್ನೂ ಸೂಚಿ ಪೂರ್ತಿಯಾದ ಮೇಲೆ ಮತ್ತೊಮ್ಮೆ ನೋಡುವುದೇ ಇದಕ್ಕೆ ಉಪಾಯ.

ಇಷ್ಟು ತಿದ್ದಿದ ಮೇಲೆ ನಮ್ಮ ಆವರಣ ಹೀಗಾಗುತ್ತದೆ: (ಚಿದಾನಂದಮೂರ್ತಿ, 1966; ನಾಗರಾಜ್, 2003; ಪೊಲಾಕ್, 1998ಅ, 1998ಆ, 2006; ಮುಗಳಿ, 1953; ರೈಸ್, 1921).

ನೋಡಲು ಅಚ್ಚುಕಟ್ಟಾಗಿದೆ, ಆದರೂ ತಪ್ಪಾಗಿದೆ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ದೊಡ್ಡ ತಪ್ಪು. ವಾಕ್ಯದ ಕೊನೆಯಲ್ಲಿ ಹಲವು ಆಕರಗಳನ್ನು ಒಟ್ಟಿಗೆ ಇಟ್ಟರೆ ಅವುಗಳಲ್ಲಿ ಪ್ರತಿಯೊಂದೂ ಇಡೀ ವಾಕ್ಯವನ್ನು ಸಮರ್ಥಿಸುತ್ತದೆ ಎಂದು ಓದುಗ ತಿಳಿಯುತ್ತಾನೆ. ಹಲ್ಮಿಡಿ ಶಾಸನ ವಿದ್ವಾಂಸರ ಗಮನಕ್ಕೆ ಬಂದದ್ದು 1936ರಲ್ಲಿ, ಎಂ.ಎಚ್. ಕೃಷ್ಣ ಅವರ ಮೂಲಕ. 1921ರಲ್ಲಿ ಅಚ್ಚಾದ ರೈಸ್ ಅವರ ಪುಸ್ತಕ ಅದರ ಬಗ್ಗೆ ಹೇಗೆ ತಾನೇ ಸಾಕ್ಷಿ ನುಡಿದೀತು? ಕವಿರಾಜಮಾರ್ಗದ ಮಾತಿಗೆ ರೈಸ್ ಇರಲಿ, ಹಲ್ಮಿಡಿಯ ಮಾತಿಗೆ ಸಲ್ಲುವುದಿಲ್ಲ. ನಮ್ಮ ವಾಕ್ಯದಲ್ಲಿ ಎರಡು ಹೇಳಿಕೆಗಳಿವೆ, ಎರಡಕ್ಕೂ ಒಂದೇ ಆವರಣ ಹಾಕಿದ್ದರಿಂದ ಈ ಎಡವಟ್ಟಾಗಿದೆ. ಯಾವ ಹೇಳಿಕೆಯ ಆಕರ ಆ ಹೇಳಿಕೆಯ ಪಕ್ಕದಲ್ಲೇ ಇರಬೇಕು:

ಕನ್ನಡ ಬರಹಕ್ಕೆ ಹಲ್ಮಿಡಿ ಶಾಸನದಷ್ಟು ಹಳೆಯ ಆಧಾರವಿದೆ (ಚಿದಾನಂದಮೂರ್ತಿ, 1966). 9ನೇ ಶತಮಾನದ ಕವಿರಾಜಮಾರ್ಗದ ಹೊತ್ತಿಗೆ ಅದು ಕಾವ್ಯಭಾಷೆಯಾಗಿ ನೆಲೆಗೊಂಡಿತ್ತು (ನಾಗರಾಜ್, 2003; ಪೊಲಾಕ್, 1998ಅ, 1998ಆ, 2006; ಮುಗಳಿ, 1953; ರೈಸ್, 1921).

ಎರಡನೆಯ ಆವರಣ ಈಗಲೂ ಭಾರವಾಗಿಯೇ ಇದೆ. ಸಾಮಾನ್ಯ ಲೇಖನದಲ್ಲಿ ಒಂದು ಮುಖ್ಯ ಅಂಶಕ್ಕೆ ಅದನ್ನು ಚೆನ್ನಾಗಿ ಪ್ರತಿನಿಧಿಸುವ ಒಂದೆರಡು ಆಕರಗಳು ಸಾಕು ಎಂದು ಎಪಿಎ ಕೈಪಿಡಿಯೇ ಹೇಳುತ್ತದೆ. ನಾಲ್ವರು ಲೇಖಕರನ್ನು ಉಳಿಸಿಕೊಳ್ಳಲೇಬೇಕು, ಆದರೆ ವಾದ ಮುಖ್ಯವಾಗಿ ನಿಂತಿರುವುದು ಒಬ್ಬರ ಮೇಲೆ ಎಂದಾದರೆ ಅದಕ್ಕೂ ದಾರಿಯಿದೆ. ಆ ಮುಖ್ಯ ಆಕರವನ್ನು ಮೊದಲಿಟ್ಟು, ಅರ್ಧವಿರಾಮ ಹಾಕಿ, ‘ಇವನ್ನೂ ನೋಡಿ’ ಎಂದು ಬರೆದು ಉಳಿದವನ್ನು ಅಕಾರಾದಿಯಾಗಿ ಕೊಡಬಹುದು: (ಪೊಲಾಕ್, 2006; ಇವನ್ನೂ ನೋಡಿ: ನಾಗರಾಜ್, 2003; ಮುಗಳಿ, 1953; ರೈಸ್, 1921). ಅಕಾರಾದಿ ಮುರಿದದ್ದು ಬೇಕೆಂತಲೇ ಎಂದು ಆ ಎರಡು ಪದಗಳು ಓದುಗನಿಗೆ ತಿಳಿಸುತ್ತವೆ. ಅವಿಲ್ಲದೆ ಪೊಲಾಕರನ್ನು ಮುಂದಿಟ್ಟರೆ ಅದು ಬರೀ ತಪ್ಪಾಗಿ ಕಾಣುತ್ತದೆ.

ಇದೆಲ್ಲ ಎಪಿಎ ಲೆಕ್ಕ. ಷಿಕಾಗೊ ಶೈಲಿಯ ಲೇಖಕ–ಇಸವಿ ಪದ್ಧತಿಯಲ್ಲಿಯೂ ಆಕರಗಳ ನಡುವೆ ಅರ್ಧವಿರಾಮವೇ, ಆದರೆ ಹೆಸರು ಮತ್ತು ಇಸವಿಯ ನಡುವೆ ಅಲ್ಪವಿರಾಮವಿಲ್ಲ. ಕ್ರಮಕ್ಕೂ ಕಟ್ಟುಪಾಡು ಕಡಿಮೆ. ಕಾಲಾನುಕ್ರಮವಾಗಿಯೋ ಮಹತ್ವದ ಪ್ರಕಾರವೋ ಇಡಬಹುದು, ಇಲ್ಲವೇ ಪತ್ರಿಕೆಯ ಪದ್ಧತಿಯನ್ನು ಅನುಸರಿಸಬಹುದು. ಒಬ್ಬನೇ ಲೇಖಕನ ಎರಡು ಬರಹಗಳಿಗೆ ಪುಟಸಂಖ್ಯೆ ಸೇರಿದರೆ ಮಾತ್ರ ಅಲ್ಲಿಯೂ ಇಸವಿಗಳ ನಡುವೆ ಅರ್ಧವಿರಾಮ ಬರುತ್ತದೆ, ಇಲ್ಲದಿದ್ದರೆ ಪುಟ ಯಾವುದು ಇಸವಿ ಯಾವುದು ಎಂದು ತಿಳಿಯುವುದಿಲ್ಲ. ವೈದ್ಯಕೀಯ ಪತ್ರಿಕೆಗಳಲ್ಲಿ ಹೆಸರುಗಳ ಗೋಜೇ ಇಲ್ಲ, ಇರುವುದು ಸಂಖ್ಯೆ ಮಾತ್ರ. ಅಲ್ಲಿ (2,5–8) ಎಂದರೆ 2ನೆಯದು ಮತ್ತು 5ರಿಂದ 8ರವರೆಗಿನ ನಾಲ್ಕು ಆಕರಗಳು. ಸಂಖ್ಯೆಗಳು ಏರಿಕೆಯಲ್ಲಿರಬೇಕು, ಸಾಲಾಗಿ ಮೂರು ಅಥವಾ ಹೆಚ್ಚು ಬಂದರೆ ನಡುವಿನವನ್ನು ಬಿಟ್ಟು ಅಡ್ಡಗೆರೆ ಹಾಕಬೇಕು. ನಡುವೆ ಹೊಸದೊಂದು ಆಕರ ಸೇರಿದರೆ ಅದರ ಮುಂದಿನ ಸಂಖ್ಯೆಗಳೆಲ್ಲ ಸರಿಯುತ್ತವೆ. ಕೈಯಲ್ಲಿ ತಿದ್ದುವವರು 5 ಮತ್ತು 8ನ್ನು 6 ಮತ್ತು 9 ಮಾಡಿದ ಮೇಲೆ, ಹೊಸದಾಗಿ ಬಂದ 5ನೆಯ ಆಕರವೂ ಆ ಮಾತಿಗೆ ಸಲ್ಲುತ್ತದೆಯೇ ಎಂದು ಪುಸ್ತಕ ತೆರೆದೇ ನೋಡಬೇಕಾಗುತ್ತದೆ.